ಶಾಖ ಹೀರಿಕೊಂಡು ವಿದ್ಯುತ್ ಕೊಡುವ ಸೆಲ್

ಒಂದು ಬೆಳ್ಳಿ ತಂತಿ, ಅದರ ಮೇಲೆ ಸಿಲ್ವರ್ ಕ್ಲೋರೈಡಿನ ತೆಳು ಲೇಪ. ಅದರಾಚೆ ಸ್ವಲ್ಪ ಪಾದರಸ, ಅದರ ಮೇಲೆ ಕ್ಯಾಲೊಮೆಲ್, ಅಂದರೆ ಮರ್ಕ್ಯುರಸ್ ಕ್ಲೋರೈಡಿನ ಬಿಳಿ ಪೇಸ್ಟ್. ಎರಡೂ ಒಂದೇ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿವೆ. ಇಷ್ಟೇ ಸೆಲ್ಲು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ವೋಲ್ಟೇಜ್ 45.5 ಮಿಲಿವೋಲ್ಟ್, ಪಾದರಸದ ಕಡೆ ಧನ, ಬೆಳ್ಳಿಯ ಕಡೆ ಋಣ. ಗೋಡೆ ಗಡಿಯಾರದ ಸೆಲ್ಲಿನ ಮೂವತ್ತರಲ್ಲೊಂದು ಪಾಲೂ ಇಲ್ಲದ ಈ ವೋಲ್ಟೇಜಿನಿಂದ ಯಾವ ಕೆಲಸವನ್ನೂ ಮಾಡಿಸಿಕೊಳ್ಳಲಾಗದು. ಆದರೆ ಎಂಟ್ರೋಪಿಯನ್ನು ವೋಲ್ಟ್‌ಮೀಟರಿನಿಂದ ಅಳೆಯುವುದು ಹೇಗೆಂದು ತಿಳಿಯಲು ಇದಕ್ಕಿಂತ ಸ್ವಚ್ಛವಾದ ಉದಾಹರಣೆ ಸಿಗುವುದು ಕಷ್ಟ.

ಸೆಲ್ಲಿನಲ್ಲಿ ನಡೆಯುವ ಕ್ರಿಯೆ ಇದು:

```
Ag + ½ Hg2Cl2  →  AgCl + Hg
```

ಬೆಳ್ಳಿ ಕ್ಲೋರಿನ್ನನ್ನು ಪಾದರಸದಿಂದ ಕಿತ್ತುಕೊಳ್ಳುತ್ತದೆ; ಪಾದರಸ ಬಿಡುಗಡೆಯಾಗುತ್ತದೆ. ವೋಲ್ಟೇಜ್ ಧನವಾಗಿರುವುದರಿಂದ ಕ್ರಿಯೆ ಎಡದಿಂದ ಬಲಕ್ಕೆ ತಾನಾಗಿಯೇ ನಡೆಯುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ಸೋಜಿಗವಿರುವುದು ಇನ್ನೊಂದು ಕಡೆ. ಈ ಕ್ರಿಯೆ ಶಾಖವನ್ನು ಹೊರಗೆ ಬಿಡುವುದಿಲ್ಲ, ಸುತ್ತಲಿನಿಂದ ಹೀರಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದ ತಿಳಿವಳಿಕೆಯ ಪ್ರಕಾರ ಇಂಥ ಸೆಲ್ ಇರಲೇಬಾರದು. 1851ರಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು, ಡೇನಿಯಲ್ ಸೆಲ್ಲಿನ ವೋಲ್ಟೇಜನ್ನು ಅದರ ಕ್ರಿಯಾಶಾಖದಿಂದಲೇ ಲೆಕ್ಕ ಹಾಕಿದ್ದರು. ಲೆಕ್ಕ ಅಳತೆಗೆ ಚೆನ್ನಾಗಿಯೇ ಹೊಂದಿತ್ತು. ಹೊಂದಿದ್ದಕ್ಕೆ ಕಾರಣ ಸೂತ್ರ ಸರಿಯಾಗಿದ್ದುದಲ್ಲ, ಆರಿಸಿಕೊಂಡ ಸೆಲ್. ಸತು-ತಾಮ್ರದ ಆ ಕ್ರಿಯೆಯಲ್ಲಿ ಹೊರಬರುವ ಶಾಖಕ್ಕೂ ಸಿಗಬಹುದಾದ ವಿದ್ಯುತ್ ಶಕ್ತಿಗೂ ಇರುವ ಅಂತರ ನೂರಕ್ಕೆ ಮೂರರಷ್ಟು ಮಾತ್ರ. ಅದೇ ಸೂತ್ರವನ್ನು ನಮ್ಮ ಬೆಳ್ಳಿ-ಕ್ಯಾಲೊಮೆಲ್ ಸೆಲ್ಲಿಗೆ ಹಚ್ಚಿದರೆ ಉತ್ತರ ಸುಮಾರು −55 ಮಿಲಿವೋಲ್ಟ್ ಬರುತ್ತದೆ. ಬೆಲೆಯಷ್ಟೇ ಅಲ್ಲ, ದಿಕ್ಕೇ ತಿರುವುಮುರುವು.

ಈ ಗಂಟನ್ನು ಬಿಚ್ಚಿದವರು ಅಮೆರಿಕದ ಗಿಬ್ಸ್ ಮತ್ತು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಹೆಲ್ಮ್‌ಹೋಲ್ಟ್ಸ್‌ರ ಪ್ರಬಂಧ ಬಂದದ್ದು 1882ರಲ್ಲಿ. ಸೆಲ್ಲಿನ ವೋಲ್ಟೇಜ್ ಹೇಳುವುದು ಕ್ರಿಯಾಶಾಖವನ್ನಲ್ಲ, ಕ್ರಿಯೆಯಿಂದ ಪಡೆಯಬಹುದಾದ ಗರಿಷ್ಠ ಕೆಲಸವನ್ನು. ಇಂದು ಅದನ್ನು ಗಿಬ್ಸ್ ಶಕ್ತಿ ಎನ್ನುತ್ತೇವೆ. ಒತ್ತಡ ಬದಲಾಗದಂತಿದ್ದರೆ, ತಾಪದೊಡನೆ ಗಿಬ್ಸ್ ಶಕ್ತಿ ಎಷ್ಟು ವೇಗವಾಗಿ ಇಳಿಯುತ್ತದೋ ಅದೇ ಎಂಟ್ರೋಪಿ. ಈ ಎರಡು ಮಾತನ್ನು ಜೋಡಿಸಿದರೆ ಬೇಕಾದ ಸೂತ್ರಗಳೆಲ್ಲ ಕೈಗೆ ಬರುತ್ತವೆ:

```
ΔG = −nFE
ΔS = nF (dE/dT)
ΔH = ΔG + TΔS
```

`n` ಎಂದರೆ ಕ್ರಿಯೆಯಲ್ಲಿ ಕೈಬದಲಾಗುವ ಎಲೆಕ್ಟ್ರಾನುಗಳ ಸಂಖ್ಯೆ, `F` ಎಂದರೆ ಒಂದು ಮೋಲ್ ಎಲೆಕ್ಟ್ರಾನುಗಳ ಆವೇಶ, 96485 ಕೂಲಂಬ್. ಉಳಿದದ್ದು ಎರಡೇ ಅಳತೆ: ವೋಲ್ಟೇಜ್, ಮತ್ತು ತಾಪ ಒಂದು ಡಿಗ್ರಿ ಏರಿದರೆ ಅದು ಎಷ್ಟು ಬದಲಾಗುತ್ತದೆ ಎನ್ನುವುದು. ಕ್ಯಾಲೊರಿಮೀಟರಿನ ಹಂಗಿಲ್ಲದೆ, ಶಾಖವನ್ನು ಒಮ್ಮೆಯೂ ಅಳೆಯದೆ, ಕ್ರಿಯಾಶಾಖವೂ ಸಿಕ್ಕಿಬಿಡುತ್ತದೆ.

ನಮ್ಮ ಸೆಲ್ಲಿನ ವೋಲ್ಟೇಜ್ ಕೋಣೆಯ ತಾಪದ ಆಸುಪಾಸಿನಲ್ಲಿ ಡಿಗ್ರಿಗೆ 0.338 ಮಿಲಿವೋಲ್ಟ್‌ನಂತೆ ಏರುತ್ತದೆ. ಅಂದರೆ 15 ಡಿಗ್ರಿಯಲ್ಲಿ 42.1, 20ರಲ್ಲಿ 43.8, 25ರಲ್ಲಿ 45.5, 30ರಲ್ಲಿ 47.2, 35ರಲ್ಲಿ 48.9 ಮಿಲಿವೋಲ್ಟ್. ಗ್ರಾಫ್ ಹಾಳೆಯ ಮೇಲೆ ಇವು ನೇರ ಗೆರೆಯಲ್ಲಿ ಕೂರುತ್ತವೆ. ಗೆರೆಯ ಓಟವೇ `dE/dT`. ಈಗ ಲೆಕ್ಕ. `n` ಇಲ್ಲಿ 1.

```
ΔG = −96485 × 0.0455    = −4390 J
ΔS =  96485 × 0.000338  = +32.6 J/K
TΔS = 298.15 × 32.6     = +9720 J
ΔH = −4390 + 9720       = +5330 J
```

ಇದನ್ನು ಜಮಾ-ಖರ್ಚಿನಂತೆ ಓದಬೇಕು. ಸೆಲ್ಲಿನಿಂದ ಅತಿ ನಿಧಾನವಾಗಿ, ತೀರ ಸಣ್ಣ ಕರೆಂಟಿನಲ್ಲಿ 96485 ಕೂಲಂಬ್ ಹರಿಸಿದರೆ ಅದು ತನ್ನ ಸುತ್ತಲಿನ ನೀರಿನಿಂದ 9.72 ಕಿಲೋಜೂಲ್ ಶಾಖ ಎಳೆದುಕೊಳ್ಳುತ್ತದೆ. ಅದರಲ್ಲಿ 5.33 ಕಿಲೋಜೂಲ್ ಉತ್ಪನ್ನಗಳ ಒಳಗೆ ಸೇರುತ್ತದೆ, ಏಕೆಂದರೆ ಅವುಗಳ ಎಂಥಾಲ್ಪಿ ಮೊದಲಿದ್ದ ವಸ್ತುಗಳಿಗಿಂತ ಅಷ್ಟು ಹೆಚ್ಚು. ಉಳಿದ 4.39 ಕಿಲೋಜೂಲ್ ವಿದ್ಯುತ್ತಾಗಿ ತಂತಿಯಲ್ಲಿ ಹೊರಗೆ ಬರುತ್ತದೆ. ಅಲ್ಲಿಗೆ ಹೊರಬಂದ ವಿದ್ಯುತ್ ಶಕ್ತಿಯ ಅಷ್ಟೂ ಪಾಲು ನೀರಿನ ಶಾಖದಿಂದಲೇ ಬಂದಂತಾಯಿತು.

ಉಷ್ಣಗತಿವಿಜ್ಞಾನದ ಎರಡನೆಯ ನಿಯಮಕ್ಕೆ ಇದರಿಂದ ಏನೂ ಧಕ್ಕೆಯಿಲ್ಲ. ನೀರು ಕಳೆದುಕೊಂಡ ಎಂಟ್ರೋಪಿ 9720ನ್ನು 298.15ರಿಂದ ಭಾಗಿಸಿದಷ್ಟು, ಅಂದರೆ 32.6, ಸೆಲ್ಲಿನೊಳಗೆ ಹೆಚ್ಚಿದ್ದೂ 32.6. ಒಟ್ಟು ಸೊನ್ನೆ, ಹಿಂದೆ ಮುಂದೆ ಎರಡೂ ಕಡೆ ನಡೆಸಬಹುದಾದ ಕ್ರಿಯೆಗೆ ಇರಬೇಕಾದಂತೆಯೇ. ಬದಲಿಗೆ ಎರಡೂ ತುದಿಗಳನ್ನು ತಂತಿಯಿಂದ ನೇರ ಸೇರಿಸಿ ಶಾರ್ಟ್ ಮಾಡಿದರೆ ಆ 4.39 ಕಿಲೋಜೂಲ್ ವಿದ್ಯುತ್ ಅಲ್ಲಿಯೇ ಶಾಖವಾಗಿ ಮರಳುತ್ತದೆ. ಆಗ ನೀರಿನಿಂದ ನಿವ್ವಳ ಹೋಗುವುದು 5.33 ಕಿಲೋಜೂಲ್ ಮಾತ್ರ, ಅದರ ಎಂಟ್ರೋಪಿ ನಷ್ಟ 17.9. ಒಳಗೆ ಮಾತ್ರ ಹಿಂದಿನಂತೆಯೇ 32.6 ಹೆಚ್ಚುತ್ತದೆ. ಮಿಕ್ಕ 14.7 ಜಗತ್ತಿನ ಲೆಕ್ಕಕ್ಕೆ ಹೊಸದಾಗಿ ಸೇರಿದ ಎಂಟ್ರೋಪಿ. ಶಾಖ ಹೀರಿಯೂ ಈ ಕ್ರಿಯೆ ತಾನಾಗಿ ನಡೆಯುವುದು ಅದರ ಬಲದಿಂದಲೇ.

ಎಂಟ್ರೋಪಿ ಹೆಚ್ಚುವುದೇಕೆ? ಎಡಗಡೆ ಇರುವುದೆಲ್ಲ ಘನ. ಬಲಗಡೆ ಒಂದು ಘನ, ಜೊತೆಗೆ ದ್ರವ ಪಾದರಸ. ಹರಳಿನಲ್ಲಿ ಕ್ಲೋರಿನ್ನಿಗೆ ಕಟ್ಟುಬಿದ್ದಿದ್ದ ಪಾದರಸದ ಪರಮಾಣುಗಳು ಈಗ ಸಡಿಲವಾಗಿ ಓಡಾಡುತ್ತಿವೆ. ಈ ವಿವರಣೆಯನ್ನು ಅಂಕಿಗಳಿಂದಲೂ ಪರೀಕ್ಷಿಸಬಹುದು. ಪ್ರತಿ ವಸ್ತುವನ್ನೂ ಬೇರೆಯಾಗಿ ತೀರ ಕಡಿಮೆ ತಾಪಕ್ಕೆ ಇಳಿಸಿ, ಅಲ್ಲಿಂದ ಮೇಲೆ ಕಾಯಿಸಲು ಎಷ್ಟೆಷ್ಟು ಶಾಖ ಬೇಕೆಂದು ಅಳೆದು ಕಟ್ಟಿದ ಎಂಟ್ರೋಪಿ ಕೋಷ್ಟಕಗಳಿವೆ. ಅವುಗಳಲ್ಲಿ ಸಿಲ್ವರ್ ಕ್ಲೋರೈಡಿಗೆ ಸುಮಾರು 96, ಪಾದರಸಕ್ಕೆ 76, ಬೆಳ್ಳಿಗೆ 42.6, ಅರ್ಧ ಮೋಲ್ ಕ್ಯಾಲೊಮೆಲ್‌ಗೆ 96. ಮೊದಲೆರಡನ್ನು ಕೂಡಿ ಉಳಿದೆರಡನ್ನು ಕಳೆದರೆ 33ರ ಮೇಲೆ ಸ್ವಲ್ಪ. ವೋಲ್ಟ್‌ಮೀಟರ್ ಹೇಳಿದ್ದು 32.6. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ದಾರಿಗಳು ಒಂದೇ ಊರಿಗೆ ಬಂದು ಸೇರಿದವು. ತಾಪ ನಿರಪೇಕ್ಷ ಶೂನ್ಯದತ್ತ ಇಳಿದಂತೆ ಹರಳುಗಳ ಎಂಟ್ರೋಪಿಯೂ ಸೊನ್ನೆಗೆ ಇಳಿಯುತ್ತದೆ ಎಂಬ ಮೂರನೆಯ ನಿಯಮ 1920ರ ದಶಕದಲ್ಲಿ ಇನ್ನೂ ಸಾಕ್ಷ್ಯ ಕೇಳುತ್ತಿತ್ತು. 1922ರಲ್ಲಿ ಗೆರ್ಕೆ ಎಂಬ ಅಮೆರಿಕನ್ ರಸಾಯನವಿಜ್ಞಾನಿ ಇಂಥ ಸೆಲ್ಲುಗಳ ತಾಪ ಗುಣಾಂಕಗಳನ್ನು ಅಳೆದು ಪ್ರಕಟಿಸಿದರು. ನಿಯಮವನ್ನು ಒರೆಗೆ ಹಚ್ಚಲು ಬೇಕಾಗಿದ್ದ ಅಂಕಿಗಳು ಅವೇ.

ಇನ್ನು ಅಳೆಯುವ ಕೆಲಸ. ಬೆಳ್ಳಿಯ ಎಲೆಕ್ಟ್ರೋಡ್ ಮಾಡುವುದು ಸುಲಭ. ಚೆನ್ನಾಗಿ ಉಜ್ಜಿ ತೊಳೆದ ತಂತಿಯನ್ನು 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಧನ ತುದಿಗೆ ಕಟ್ಟಿ, ಚದರ ಸೆಂಟಿಮೀಟರಿಗೆ ಒಂದು ಮಿಲಿಆಂಪಿಯರಿಗಿಂತ ಕಡಿಮೆ ಕರೆಂಟನ್ನು ಅರ್ಧ ಗಂಟೆಯಷ್ಟು ಹರಿಸಿದರೆ ಕಂದು-ನೇರಳೆ ಬಣ್ಣದ ಲೇಪ ಕೂರುತ್ತದೆ. ಒಂದರ ಬದಲು ಎರಡು ಮಾಡಿಕೊಳ್ಳುವುದು ಜಾಣತನ. ಎರಡನ್ನೂ ಒಂದೇ ದ್ರಾವಣದಲ್ಲಿ ಇಟ್ಟು ಅವುಗಳ ನಡುವಿನ ವೋಲ್ಟೇಜ್ ನೋಡಬೇಕು. ರಾತ್ರಿ ಕಳೆದ ಮೇಲೂ ವ್ಯತ್ಯಾಸ 0.1 ಮಿಲಿವೋಲ್ಟ್ ಮೀರಿದ್ದರೆ ಯಾವುದೋ ಒಂದರ ಲೇಪ ಕೆಟ್ಟಿದೆ ಎಂದೇ ಅರ್ಥ. ಲೇಪ ಬೆಳಕಿಗೆ ಕೆಡುವಂಥದ್ದು, ನೇರ ಬಿಸಿಲು ತಾಗಬಾರದು.

ಪಾದರಸದ ಕಡೆಗೆ H ಆಕಾರದ ಗಾಜಿನ ಪಾತ್ರೆಯ ಒಂದು ಕಾಲಿನ ತಳದಲ್ಲಿ ಪಾದರಸ ಹಾಕಿ, ಕ್ಯಾಲೊಮೆಲ್ಲನ್ನು ಒಂದೆರಡು ಹನಿ ಪಾದರಸ ಮತ್ತು ಅದೇ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದೊಂದಿಗೆ ಅರೆದ ಪೇಸ್ಟನ್ನು ಅದರ ಮೇಲೆ ಹರಡುತ್ತಾರೆ. ಸಂಪರ್ಕಕ್ಕೆ ಪ್ಲಾಟಿನಂ ತಂತಿ. ಅದು ಪೂರ್ತಿ ಪಾದರಸದೊಳಗೆ ಮುಳುಗಿರಬೇಕು, ದ್ರಾವಣವನ್ನು ಸೋಕಕೂಡದು. ಪಾದರಸದ ಆವಿ ವಿಷ. ಈ ಕೆಲಸ ಲ್ಯಾಬಿನ ಫ್ಯೂಮ್ ಹುಡ್‌ನಲ್ಲಿ, ಚೆಲ್ಲಿದ್ದು ಹರಿದುಹೋಗದಂತೆ ಅಂಚಿರುವ ಟ್ರೇಯಲ್ಲಿ ಆಗಬೇಕೇ ಹೊರತು ಅಡುಗೆಮನೆಯ ಕಟ್ಟೆಯ ಮೇಲಲ್ಲ.

ದ್ರಾವಣದ ಸಾಂದ್ರತೆ ಎಷ್ಟಿರಬೇಕು? ಈ ಸೆಲ್ಲಿನ ಸೊಗಸು ಇರುವುದೇ ಇಲ್ಲಿ: ತಾತ್ವಿಕವಾಗಿ ಎಷ್ಟಿದ್ದರೂ ನಡೆಯುತ್ತದೆ. ಒಂದು ಎಲೆಕ್ಟ್ರೋಡ್ ನುಂಗಿದಷ್ಟೇ ಕ್ಲೋರೈಡನ್ನು ಇನ್ನೊಂದು ಬಿಡುವುದರಿಂದ ಒಟ್ಟು ಕ್ರಿಯೆಯಲ್ಲಿ ದ್ರಾವಣದ ಸುದ್ದಿಯೇ ಇಲ್ಲ. ಭಾಗವಹಿಸುವುದೆಲ್ಲ ಶುದ್ಧ ಘನ, ಶುದ್ಧ ದ್ರವ. ಹಾಗಾಗಿ ಅಳೆದದ್ದೇ ಪ್ರಮಾಣಿತ ಬೆಲೆ, ನೆರ್ನ್‌ಸ್ಟ್ ಸಮೀಕರಣದ ತಿದ್ದುಪಡಿ ಬೇಡ. ಸಾಲ್ಟ್ ಬ್ರಿಜ್ ಕೂಡ ಬೇಡ. ಕಾಲೇಜಿನ ಡೇನಿಯಲ್ ಸೆಲ್ಲಿನಲ್ಲಿ ಇವೆರಡೂ ತಲೆನೋವು: ದ್ರಾವಣಗಳು ಕೂಡುವಲ್ಲಿ ಹುಟ್ಟುವ ಒಂದೆರಡು ಮಿಲಿವೋಲ್ಟ್ ತಾಪದೊಡನೆ ತನ್ನ ಪಾಡಿಗೆ ಬದಲಾಗುತ್ತದೆ, ಅದನ್ನು ಬೇರ್ಪಡಿಸಿ ನೋಡುವ ಉಪಾಯವಿಲ್ಲ. ಆದರೂ ಇಲ್ಲಿ 0.1 ಮೋಲಾರ್ ಒಳ್ಳೆಯದು. ಗಾಢ ಕ್ಲೋರೈಡ್ ದ್ರಾವಣದಲ್ಲಿ ಸಿಲ್ವರ್ ಕ್ಲೋರೈಡ್ ಸಂಕೀರ್ಣ ಅಯಾನುಗಳಾಗಿ ಕರಗಿ, ಪಾದರಸದ ಕಾಲಿಗೆ ಹರಿದುಹೋಗಿ ಸೆಲ್ಲನ್ನೇ ಹಾಳುಮಾಡುತ್ತದೆ.

ಮೀಟರಿನ ಬಗ್ಗೆ ಹೆದರಬೇಕಿಲ್ಲ. 200 ಮಿಲಿವೋಲ್ಟ್ ರೇಂಜಿನ ಸಾಧಾರಣ ಮಲ್ಟಿಮೀಟರ್ 0.1 ಮಿಲಿವೋಲ್ಟ್ ತೋರಿಸುತ್ತದೆ. ಒಳರೋಧ 10 ಮೆಗಾಓಮ್ ಇದ್ದರೆ ಅದು ಸೆಲ್ಲಿನಿಂದ ಎಳೆಯುವುದು 5 ನ್ಯಾನೋಆಂಪಿಯರಿಗಿಂತ ಕಡಿಮೆ. ಸೆಲ್ಲಿಗೆ ಅದು ಲೆಕ್ಕಕ್ಕಿಲ್ಲ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಮೀಟರ್ ಸದಾ ಅರ್ಧ ಮಿಲಿವೋಲ್ಟ್ ಹೆಚ್ಚು ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಗಿಬ್ಸ್ ಶಕ್ತಿಯಲ್ಲಿ ನೂರಕ್ಕೆ ಒಂದರಷ್ಟು ತಪ್ಪು ಬರುತ್ತದೆ, ಎಂಟ್ರೋಪಿ ಮಾತ್ರ ಕದಲುವುದಿಲ್ಲ, ಏಕೆಂದರೆ ಗೆರೆ ಇಡಿಯಾಗಿ ಮೇಲೆ ಸರಿಯಿತೇ ಹೊರತು ಅದರ ಓಟ ಬದಲಾಗಲಿಲ್ಲ. ಎಂಟ್ರೋಪಿಗೆ ಶತ್ರು ಸ್ಥಿರವಾದ ತಪ್ಪಲ್ಲ, ತಾಪದ ಜೊತೆ ಜೊತೆಗೆ ಬೆಳೆಯುವ ತಪ್ಪು.

ಅಂಥ ತಪ್ಪುಗಳಲ್ಲಿ ಮೊದಲನೆಯದು ಕಾಲದೊಡನೆ ಜಾರುವುದು. ಬೆಳಿಗ್ಗೆ 15 ಡಿಗ್ರಿಯಿಂದ ಶುರುಮಾಡಿ ಸಂಜೆಗೆ 35ಕ್ಕೆ ಏರಿಸಿದರೆ, ಆ ಹೊತ್ತಿನಲ್ಲಿ ಎಲೆಕ್ಟ್ರೋಡ್ ತಾನಾಗಿ ಅರ್ಧ ಮಿಲಿವೋಲ್ಟ್ ಜಾರಿದ್ದರೂ ಅದೆಲ್ಲ ತಾಪದ ಪರಿಣಾಮದಂತೆಯೇ ಕಾಣುತ್ತದೆ. ಇಪ್ಪತ್ತು ಡಿಗ್ರಿಯ ಮೇಲೆ ಅರ್ಧ ಮಿಲಿವೋಲ್ಟ್ ಎಂದರೆ ಎಂಟ್ರೋಪಿಯಲ್ಲಿ ಕೆಲ್ವಿನ್‌ಗೆ 2.4 ಜೂಲ್ ತಪ್ಪು. ಗೆರೆ ನೇರವಾಗಿಯೇ ಇರುತ್ತದೆ, ಚುಕ್ಕೆಗಳು ಒಪ್ಪವಾಗಿ ಕೂತಿರುತ್ತವೆ. ಗ್ರಾಫ್ ನೋಡಿ ಇದನ್ನು ಹಿಡಿಯಲಾಗದು. ಹಿಡಿಯುವ ದಾರಿ ಒಂದೇ: ತಾಪವನ್ನು ಅನುಕ್ರಮವಾಗಿ ಏರಿಸದೆ 25, 35, 15, 30, 20 ಹೀಗೆ ಅಡ್ಡಾದಿಡ್ಡಿ ಹೋಗಿ, ಕೊನೆಗೆ ಮತ್ತೆ 25ಕ್ಕೆ ಬರುವುದು. ಮೊದಲ 45.5 ಮರಳಿ ಬಂದರೆ ನೆಮ್ಮದಿ. ಬರದಿದ್ದರೆ ಸೆಲ್ ಇನ್ನೂ ನೆಲೆಗೊಂಡಿಲ್ಲ.

ಎರಡನೆಯದು, ಸೆಲ್ಲಿನ ಎರಡೂ ಕಾಲು ಒಂದೇ ತಾಪದಲ್ಲಿ ಇಲ್ಲದಿರುವುದು. ಥರ್ಮೋಸ್ಟಾಟ್ ತೊಟ್ಟಿಯ ನೀರು 30 ಎಂದು ತೋರಿಸಿದ ಮಾತ್ರಕ್ಕೆ ಪಾದರಸ 30ಕ್ಕೆ ಬಂದಿರುವುದಿಲ್ಲ. ಇದರ ಪೆಟ್ಟು ಎಷ್ಟು ಜೋರು ಎಂಬುದಕ್ಕೆ ವೆಸ್ಟನ್ ಸೆಲ್ ಒಳ್ಳೆಯ ಸಾಕ್ಷಿ. ಎಡ್ವರ್ಡ್ ವೆಸ್ಟನ್ 1893ರಲ್ಲಿ ರೂಪಿಸಿದ ಈ ಕ್ಯಾಡ್ಮಿಯಂ-ಪಾದರಸದ ಸೆಲ್ ವೋಲ್ಟಿನ ಅಂತರರಾಷ್ಟ್ರೀಯ ಮಾನದಂಡವಾಗಿ ದಶಕಗಳ ಕಾಲ ಕೆಲಸ ಮಾಡಿತು. 20 ಡಿಗ್ರಿಯ ಬಳಿ ಅದರ ವೋಲ್ಟೇಜ್ ಡಿಗ್ರಿಗೆ ಬರೀ 40 ಮೈಕ್ರೋವೋಲ್ಟ್ ಇಳಿಯುತ್ತದೆ. ಆದರೆ ಒಂದು ಕಾಲನ್ನು ಮಾತ್ರ ಬೆಚ್ಚಗೆ ಮಾಡಿದರೆ ಬದಲಾವಣೆ ಡಿಗ್ರಿಗೆ 300 ಮೈಕ್ರೋವೋಲ್ಟ್ ದಾಟುತ್ತದೆ. ಎರಡು ಕಾಲುಗಳ ದೊಡ್ಡ ಬದಲಾವಣೆಗಳು ಪರಸ್ಪರ ವಿರುದ್ಧವಾಗಿ ಹೆಚ್ಚೂಕಮ್ಮಿ ಅಳಿಸಿಹೋಗುವುದರಿಂದಲೇ ಆ 40 ಉಳಿಯುವುದು. ಆದ್ದರಿಂದ ತಾಪ ಬದಲಿಸಿದ ಮೇಲೆ ಓದು ಸ್ಥಿರವಾಗುವವರೆಗೆ ಕಾಯಲೇಬೇಕು. ಹದಿನೈದು ನಿಮಿಷ ಬಿಟ್ಟು ಬಿಟ್ಟು ಮೂರು ಸಲ ಒಂದೇ ಅಂಕಿ ಬಂದರೆ ಬರೆದುಕೊಳ್ಳಬಹುದು.

ಮೂರನೆಯದನ್ನು ಅನುಭವಿಗಳೂ ಮರೆಯುತ್ತಾರೆ. ಸೆಲ್ಲಿನಿಂದ ಒಂದು ಕಡೆ ಬೆಳ್ಳಿ ತಂತಿ, ಇನ್ನೊಂದು ಕಡೆ ಪ್ಲಾಟಿನಂ ತಂತಿ ಮೇಲೆ ಬರುತ್ತದೆ. ಕೆಳಗಿನ ತುದಿ ತೊಟ್ಟಿಯ ತಾಪದಲ್ಲಿ, ಮೇಲಿನ ತುದಿ ಕೋಣೆಯ ತಾಪದಲ್ಲಿ. ಎರಡು ಬೇರೆ ಲೋಹ, ಎರಡು ಬೇರೆ ತಾಪ: ಅದೊಂದು ಥರ್ಮೋಕಪಲ್. ಡಿಗ್ರಿಗೆ ಹುಟ್ಟುವುದು ಕೆಲವೇ ಮೈಕ್ರೋವೋಲ್ಟ್, ಆದರೆ ನಾವು ಅಳೆಯುತ್ತಿರುವುದು ಡಿಗ್ರಿಗೆ 338 ಮೈಕ್ರೋವೋಲ್ಟ್. ನೂರಕ್ಕೆ ಒಂದೆರಡರಷ್ಟು ತಪ್ಪು ಸದ್ದಿಲ್ಲದೆ ಸೇರಿಬಿಡುತ್ತದೆ. ಎರಡೂ ತಂತಿಗೆ ತಾಮ್ರದ ತಂತಿ ಬೆಸೆದು, ಆ ಬೆಸುಗೆಗಳಿಗೆ ನೀರು ತಾಗದಂತೆ ಮಾಡಿ ತೊಟ್ಟಿಯೊಳಗೇ ಇಟ್ಟರೆ ಸಾಕು. ಅಲ್ಲಿಂದ ಮೇಲೆ ಎರಡೂ ಕಡೆ ತಾಮ್ರವೇ ಆದ್ದರಿಂದ ವ್ಯತ್ಯಾಸ ಹುಟ್ಟುವುದಿಲ್ಲ.

ಇವೆಲ್ಲ ಸರಿಯಿದ್ದು, ಪ್ರತಿ ಓದಿನಲ್ಲಿ 0.1 ಮಿಲಿವೋಲ್ಟ್ ಮಾತ್ರ ಅನಿಶ್ಚಿತತೆ ಇದ್ದರೆ, 15ರಿಂದ 35ರವರೆಗಿನ ಐದು ಓದುಗಳಿಂದ ಎಂಟ್ರೋಪಿ ಕೆಲ್ವಿನ್‌ಗೆ ಸುಮಾರು 0.6 ಜೂಲ್ ಅನಿಶ್ಚಿತತೆಯೊಳಗೆ ಸಿಗುತ್ತದೆ. ಅದೇ ಮೀಟರಿನಿಂದ 25 ಮತ್ತು 30ರಲ್ಲಿ ಎರಡೇ ಓದು ತೆಗೆದುಕೊಂಡರೆ ಅನಿಶ್ಚಿತತೆ ಕೆಲ್ವಿನ್‌ಗೆ ಸುಮಾರು 2.7 ಜೂಲ್. ದುಬಾರಿ ಮೀಟರಿಗಿಂತ ತಾಪದ ಹರವು ಹೆಚ್ಚು ಉಪಕಾರಿ. ಹಾಗೆಂದು 70 ಡಿಗ್ರಿಗೆ ಏರಿಸಲು ಹೋಗಬಾರದು. ಬಿಸಿಯಲ್ಲಿ ಕ್ಯಾಲೊಮೆಲ್ ಒಡೆಯತೊಡಗುತ್ತದೆ, ತಣಿಸಿದ ಮೇಲೂ ಹಳೆಯ ಓದು ಬೇಗ ಮರಳುವುದಿಲ್ಲ.

ಲೆಕ್ಕದಲ್ಲಿ ಎಡವುವ ಜಾಗಗಳು ಎರಡು. ಓಟ ಕಂಡುಹಿಡಿಯಲು ಸೆಲ್ಸಿಯಸ್ ಆದರೂ ಕೆಲ್ವಿನ್ ಆದರೂ ಒಂದೇ, ಆದರೆ `TΔS` ಗುಣಿಸುವಾಗ 298.15 ಬೇಕು, 25 ಅಲ್ಲ. ಇನ್ನೊಂದು `n`. ಕ್ರಿಯೆಯನ್ನು 2Ag + Hg2Cl2 ಎಂದು ಇಮ್ಮಡಿಯಾಗಿ ಬರೆದರೆ `n` 2 ಆಗುತ್ತದೆ, ಎಂಟ್ರೋಪಿ 65.2 ಆಗುತ್ತದೆ, ವೋಲ್ಟೇಜೂ ಅದರ ಓಟವೂ ಇದ್ದ ಹಾಗೇ ಇರುತ್ತವೆ. ಯಾವ ಸಮೀಕರಣಕ್ಕೆ ಎಂದು ಹೇಳದೆ ಬರೀ ಅಂಕಿ ಬರೆದರೆ ಉತ್ತರ ಅರ್ಧವೇ ಆಯಿತು.

ಇದೇ ಅಳತೆ ಈಗ ಹೆಚ್ಚು ನಡೆಯುವುದು ಲಿಥಿಯಂ-ಅಯಾನ್ ಬ್ಯಾಟರಿಗಳ ಮೇಲೆ. ಅಲ್ಲಿ ಬೇಕಾಗಿರುವುದು ಬ್ಯಾಟರಿ ಎಷ್ಟು ಕಾಯುತ್ತದೆ ಎಂಬ ಲೆಕ್ಕ. ಕರೆಂಟು ಹರಿದಾಗ ಒಳರೋಧದಿಂದ ಹುಟ್ಟುವ ಶಾಖದ ಜೊತೆಗೆ ಎಂಟ್ರೋಪಿಯ ಶಾಖವೂ ಇರುತ್ತದೆ. ಅದರ ಪ್ರಮಾಣ ಕರೆಂಟು, ನಿರಪೇಕ್ಷ ತಾಪ ಮತ್ತು `dE/dT` ಈ ಮೂರರ ಗುಣಲಬ್ಧ. ಉದಾಹರಣೆಗೆ ಓಟ ಡಿಗ್ರಿಗೆ −0.2 ಮಿಲಿವೋಲ್ಟ್, ಒಳರೋಧ 30 ಮಿಲಿಓಮ್ ಎಂದಿಟ್ಟುಕೊಂಡರೆ, 300 ಕೆಲ್ವಿನ್‌ನಲ್ಲಿ 1 ಆಂಪಿಯರ್ ಡಿಸ್‌ಚಾರ್ಜ್ ಮಾಡುವಾಗ ಎಂಟ್ರೋಪಿಯ ಪಾಲು 60 ಮಿಲಿವಾಟ್, ಒಳರೋಧದ್ದು 30. ಕರೆಂಟನ್ನು 5 ಆಂಪಿಯರಿಗೆ ಏರಿಸಿದರೆ ಎಂಟ್ರೋಪಿಯದು 300 ಆಗುತ್ತದೆ, ಒಳರೋಧದ್ದು ವರ್ಗದಂತೆ ಬೆಳೆದು 750ಕ್ಕೆ ಹೋಗುತ್ತದೆ. ಚಾರ್ಜ್ ಮಾಡುವಾಗ ಒಳರೋಧದ ಶಾಖ ಹಾಗೇ ಇರುತ್ತದೆ, ಎಂಟ್ರೋಪಿಯದು ಚಿಹ್ನೆ ಬದಲಿಸುತ್ತದೆ. ಮೇಲಿನ ಅಂಕಿಗಳಲ್ಲೇ 1 ಆಂಪಿಯರಿನಲ್ಲಿ ನಿಧಾನವಾಗಿ ಚಾರ್ಜ್ ಮಾಡಿದರೆ ಬ್ಯಾಟರಿ ಕಾಯುವ ಬದಲು 30 ಮಿಲಿವಾಟ್‌ನಂತೆ ತಣಿಯುತ್ತದೆ.

ಈ ಬ್ಯಾಟರಿಗಳಲ್ಲಿ ಒಂದೇ ಓಟ ಎಂಬುದಿಲ್ಲ. ಚಾರ್ಜಿನ ಮಟ್ಟ ಬದಲಾದಂತೆ ಎಲೆಕ್ಟ್ರೋಡಿನೊಳಗೆ ಲಿಥಿಯಂ ಅಯಾನುಗಳು ಕೂರುವ ಕ್ರಮ ಬದಲಾಗುತ್ತದೆ, ಅದರೊಡನೆ ಎಂಟ್ರೋಪಿಯೂ. ಕೆಲವು ಮಟ್ಟಗಳಲ್ಲಿ ಋಣ, ಕೆಲವಲ್ಲಿ ಧನ. ಹಾಗಾಗಿ ಪ್ರತಿ ಮಟ್ಟದಲ್ಲೂ ನಿಲ್ಲಿಸಿ ಅಳೆಯಬೇಕು. ನಿಲ್ಲಿಸಿದ ಕೂಡಲೇ ವೋಲ್ಟೇಜ್ ನೆಲೆಗೊಳ್ಳುವುದಿಲ್ಲ, ಗಂಟೆಗಟ್ಟಲೆ ನಿಧಾನವಾಗಿ ಜಾರುತ್ತಿರುತ್ತದೆ, ಆ ಜಾರು ಕೆಲವೊಮ್ಮೆ ತಾಪದ ಪರಿಣಾಮಕ್ಕಿಂತ ದೊಡ್ಡದಿರುತ್ತದೆ. ಅದಕ್ಕೇ ಇಲ್ಲಿಯೂ ತಾಪವನ್ನು ಇಳಿಸಿ, ಏರಿಸಿ, ಮೊದಲಿನ ತಾಪಕ್ಕೆ ತಂದು ನಿಲ್ಲಿಸುತ್ತಾರೆ. ಮೊದಲ ಓದಿಗೂ ಕೊನೆಯ ಓದಿಗೂ ನಡುವೆ ಒಂದು ಗೆರೆ ಎಳೆದು, ಅದನ್ನು ಜಾರಿನ ಲೆಕ್ಕವೆಂದು ಉಳಿದೆಲ್ಲ ಓದುಗಳಿಂದ ಕಳೆದ ಮೇಲೆ ಉಳಿದ ಏರಿಳಿತವನ್ನಷ್ಟೇ ಎಂಟ್ರೋಪಿಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.